ಎರಡು ಕಂಬಗಳ ನಡುವಿನ ಸಂದನ್ನು ಮುಚ್ಚಬಹುದೇ?

ಶಾಲಾ ಸಮಿತಿ ಸದಸ್ಯರು, ಕಲಬುರಗಿ: ನಮ್ಮ ಶಾಲೆಯ ಕಟ್ಟಡ 84 ಮೀಟರ್ ಉದ್ದ, ಎರಡು ಅಂತಸ್ತು. ನಟ್ಟನಡುವೆ ಕಂಬಗಳು ಜೋಡಿಯಾಗಿವೆ, ನಡುವೆ ಒಂದಿಂಚಿನ ಸಂದು. ಮಳೆನೀರು ಸೋರುತ್ತಿತ್ತೆಂದು ಕಳೆದ ವರ್ಷ ಸಿಮೆಂಟ್ ತುಂಬಿಸಿದೆವು. ಈ ಏಪ್ರಿಲ್‌ನಲ್ಲಿ ಮೇಲಿನ ಅಂತಸ್ತಿನ ಕೊನೆಯ ಕೋಣೆಗಳ ಗೋಡೆಯಲ್ಲಿ ಓರೆ ಬಿರುಕು ಕಾಣಿಸಿದೆ. ಎರಡಕ್ಕೂ ಸಂಬಂಧವಿದೆಯೇ?

ಗಾರೆ ಮೇಸ್ತ್ರಿ: ಇದೆ. ಅದು ಎಕ್ಸ್‌ಪ್ಯಾನ್ಷನ್ ಜಾಯಿಂಟ್, ಬಿಸಿಲಿಗೆ ಕಟ್ಟಡ ಹಿಗ್ಗಲೆಂದು ಬಿಟ್ಟ ಸಂದು, ಮುಚ್ಚಬಾರದಿತ್ತು. ಆ ಸಂದು ಅಡಿಪಾಯದ ತಳದವರೆಗೂ ಇಳಿದಿರಬೇಕು, ಅದನ್ನೂ ನೋಡಿಸಿ.

ವಾಸ್ತುಶಿಲ್ಪಿ: ಮೇಸ್ತ್ರಿಯವರ ಮೊದಲ ಮಾತು ಸರಿ. ಎರಡನೆಯದು ಎಲ್ಲ ಕಡೆಗೂ ಹೊಂದುವುದಿಲ್ಲ. ನೆಲದೊಳಗೆ ತಾಪ ಹೆಚ್ಚು ಏರಿಳಿಯುವುದಿಲ್ಲವಾದ್ದರಿಂದ ಜೋಡಿ ಕಂಬಗಳು ಒಂದೇ ಪಾಯದ ಮೇಲೆ ನಿಲ್ಲಬಹುದು. ಒಂದು ಭಾಗ ಗಟ್ಟಿ ಕಲ್ಲಿನ ಮೇಲೆ, ಇನ್ನೊಂದು ಕಪ್ಪು ಮಣ್ಣಿನ ಮೇಲೆ ಇದ್ದರೆ ಮಾತ್ರ ಪಾಯವನ್ನೂ ಬೇರ್ಪಡಿಸಬೇಕಾಗುತ್ತದೆ.

ಬಿಸಿಲೆಲ್ಲ ಬೀಳುವುದು ಛಾವಣಿಯ ಮೇಲೆ. ಚಳಿಗಾಲದ ನಸುಕಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ಛಾವಣಿಯ ತಾಪದಲ್ಲಿ 25 ಡಿಗ್ರಿ ಅಂತರವಿದೆ ಎನ್ನಿ. 84 ಮೀಟರ್ ಕಾಂಕ್ರೀಟ್ ಸುಮಾರು 21 ಮಿಲಿಮೀಟರ್ ಹಿಗ್ಗುತ್ತದೆ. ಕಟ್ಟಡವೆಲ್ಲ ಒಂದೇ ಆಗಿದ್ದರೆ ಎರಡೂ ತುದಿಗಳು ಹತ್ತತ್ತು ಮಿಲಿಮೀಟರ್ ಹೊರಗೆ ಸರಿಯುತ್ತವೆ. ಕೆಳಗಿನ ಅಂತಸ್ತು ನೆರಳಿನಲ್ಲಿ ಅಲುಗದೆ ಕುಳಿತಿರುತ್ತದೆ. ಈ ಎಳೆದಾಟಕ್ಕೆ ಸಿಕ್ಕುವುದು ತುದಿಯ ಕೋಣೆಗಳ ಗೋಡೆ. ನಡುವೆ ಸೀಳಿದರೆ ಎರಡು ತುಂಡುಗಳೂ ತಂತಮ್ಮ ಮಧ್ಯದಿಂದ ಎರಡೂ ಕಡೆಗೆ ಐದೈದು ಮಿಲಿಮೀಟರ್ ಹಿಗ್ಗಿದರೆ ಸಾಕು. ನೀವು ಸಿಮೆಂಟ್ ತುಂಬಿದಾಗ ಎರಡು ಕಟ್ಟಡಗಳು ಮತ್ತೆ ಒಂದಾದವು. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಕೂಡ 45 ಮೀಟರ್ ಮೀರಿದ ಕಟ್ಟಡಕ್ಕೆ ಇಂಥ ಸಂದು ಬೇಕೆನ್ನುತ್ತದೆ.

ಪರೀಕ್ಷೆ ಸುಲಭ. ಬಿರುಕಿನ ಎರಡೂ ಬದಿ ಪೆನ್ಸಿಲ್ ಗುರುತು ಹಾಕಿ, ನಸುಕಿನಲ್ಲೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಅಳೆಯಿರಿ. ಅಂತರ ಪ್ರತಿದಿನ ಹೆಚ್ಚು ಕಡಿಮೆಯಾಗುತ್ತಿದ್ದರೆ ಬಿಸಿಲಿನ ಕೆಲಸ. ಒಂದೇ ದಿಕ್ಕಿನಲ್ಲಿ ಬೆಳೆಯುತ್ತಲೇ ಹೋದರೆ ನೆಲ ಕುಸಿಯುತ್ತಿರಬಹುದು.

ಗೃಹಿಣಿ, ಹಾಸನ: ನಮ್ಮ 30×40 ಮನೆಯಲ್ಲೂ ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರ ಬಿರುಕಿದೆ. ನಾವೂ ಜಾಯಿಂಟ್ ಬಿಡಬೇಕಿತ್ತೇ?

ವಾಸ್ತುಶಿಲ್ಪಿ: ಇಲ್ಲ ಅಮ್ಮ, ನಿಮ್ಮ ಮನೆ ಹೆಚ್ಚೆಂದರೆ 12 ಮೀಟರ್. ಗಿಲಾವಿನ ಒಳಗೆ ಜಾಲರಿ ಕೂರಿಸದಿದ್ದರೆ ಹಾಗಾಗುತ್ತದೆ.

ಶಾಲಾ ಸಮಿತಿ ಸದಸ್ಯರು: ಸಿಮೆಂಟ್ ತೆಗೆಸುತ್ತೇವೆ. ಆದರೆ ಸೋರಿಕೆಗೆ ಏನು ಮಾಡುವುದು?

ವಾಸ್ತುಶಿಲ್ಪಿ: ಛಾವಣಿಯ ಮೇಲೆ ಸಂದಿನ ಎರಡೂ ಕಡೆ ಗೇಣುದ್ದ ಎತ್ತರದ ಕಟ್ಟೆ ಕಟ್ಟಿಸಿ, ಮೇಲೆ ಲೋಹದ ತಗಡು ಹೊದಿಸಿ. ತಗಡಿಗೆ ಒಂದೇ ಬದಿ ಮೊಳೆ ಹೊಡೆಯಲಿ. ಎರಡೂ ಬದಿ ಬಿಗಿದರೆ ಮುಂದಿನ ಬೇಸಿಗೆಗೆ ಕಿತ್ತುಬರುತ್ತದೆ. ಸಂದಿನೊಳಗೆ ಹಳೆಯ ಹಲಗೆ, ಇಟ್ಟಿಗೆ ಚೂರು ಸಿಕ್ಕಿಕೊಂಡಿದ್ದರೆ ಅದನ್ನೂ ತೆಗೆಸಿ.

ಮತ್ತೊಬ್ಬ ಎಂಜಿನಿಯರ್: ಬಿಸಿಲಿಗೆ ಒಂದಿಂಚು ಸಾಕು, ಒಪ್ಪುತ್ತೇನೆ. ಭೂಕಂಪದಲ್ಲಿ ಎರಡು ತುಂಡುಗಳು ಬೇರೆ ಬೇರೆಯಾಗಿ ತೂಗಾಡಿ ಒಂದಕ್ಕೊಂದು ಬಡಿಯಬಾರದಲ್ಲವೇ? ಅದಕ್ಕೆ ಒಂದಿಂಚು ಸಾಲುತ್ತದೆಯೇ?

ವಾಸ್ತುಶಿಲ್ಪಿ: ಕಂಬಗಳ ಅಳತೆ, ಎತ್ತರ ನೋಡದೆ ಹೇಳಲಾರೆ. ನಕ್ಷೆ ಇದ್ದರೆ ಇಲ್ಲಿ ಹಾಕಿ.