ನನಗೆ 50 ಬರುತ್ತಿದೆ, ಪೆನ್ಸಿಲ್‌ನಲ್ಲಿ 60 ಅಂತ ಬರೆದಿದೆ

ಡಿಪ್ಲೊಮಾ ವಿದ್ಯಾರ್ಥಿ, ಹಾಸನ: ಸರ್, ಲೈಬ್ರರಿ ಪುಸ್ತಕದ ಒಂದು ಸ್ಟ್ರೆಸ್ ಎಲಿಮೆಂಟ್ ಚಿತ್ರದ ಫೋಟೋ ಹಾಕಿದ್ದೇನೆ. ಎಡಕ್ಕೂ ಬಲಕ್ಕೂ ಹೊರಗೆ ಎಳೆಯುವ 100 ಎಂಪಿಎ, ಮೇಲಕ್ಕೂ ಕೆಳಕ್ಕೂ ಹೊರಗೆ ಎಳೆಯುವ 40. ಬಲ ಮುಖದ ಮೇಲೆ ಶಿಯರ್ 40, ಬಾಣ ಮೇಲಕ್ಕಿದೆ. ಮೇಲಿನ ಮುಖದ ಶಿಯರ್ ಬಾಣ ಫ್ಲ್ಯಾಶ್ ಬಿದ್ದು ಕಾಣಿಸುತ್ತಿಲ್ಲ. ಮೋರ್ಸ್ ಸರ್ಕಲ್ ಹಾಕಿದೆ. ಪ್ರಿನ್ಸಿಪಲ್ ಸ್ಟ್ರೆಸ್ 120 ಮತ್ತು 20, ಮ್ಯಾಕ್ಸಿಮಮ್ ಶಿಯರ್ 50, ಕೋನ 53 ಡಿಗ್ರಿ ಕ್ಲಾಕ್‌ವೈಸ್ ಬಂತು. ಆದರೆ ಚಿತ್ರದ ಪಕ್ಕ ಯಾರೋ ಪೆನ್ಸಿಲ್‌ನಲ್ಲಿ 60 ಅಂತ ಬರೆದಿದ್ದಾರೆ. ಎಲ್ಲಿ ತಪ್ಪಿದೆ?

ಬಿ.ಇ. ಕೊನೆಯ ವರ್ಷ, ದಾವಣಗೆರೆ: ಶಿಯರ್ 50 ಸರಿ ಇದೆ ಗುರು. ಸರ್ಕಲ್‌ನ ತ್ರಿಜ್ಯವೇ ಮ್ಯಾಕ್ಸಿಮಮ್ ಶಿಯರ್, ಅದರಲ್ಲಿ ಎರಡು ಮಾತಿಲ್ಲ. ಪೆನ್ಸಿಲ್‌ನಲ್ಲಿ ಬರೆದವನು ತಪ್ಪು ಮಾಡಿದ್ದಾನೆ. ಕೋನ ಮಾತ್ರ ಅರ್ಧ ಮಾಡ್ಕೊ.

ಡಿಸೈನ್ ಇಂಜಿನಿಯರ್, ಪೀಣ್ಯ: ಪೆನ್ಸಿಲ್‌ನವನ ಮೇಲೆ ಈಗಲೇ ತೀರ್ಪು ಬೇಡ. ಮೊದಲು ಕಾಣದ ಬಾಣ ನೋಡೋಣ.

ಈ ಚೌಕ ತನ್ನಷ್ಟಕ್ಕೆ ತಾನು ಗಿರಗಿರ ತಿರುಗಬಾರದು. ಬಲ ಮುಖದಲ್ಲಿ ಬಾಣ ಮೇಲಕ್ಕೆ, ಎಡ ಮುಖದಲ್ಲಿ ಕೆಳಕ್ಕೆ. ಈ ಜೋಡಿ ಚೌಕವನ್ನು ಆಂಟಿಕ್ಲಾಕ್‌ವೈಸ್ ತಿರುಗಿಸಲು ನೋಡುತ್ತದೆ. ಅದನ್ನು ತಡೆಯಬೇಕಾದರೆ ಮೇಲಿನ ಮುಖದ ಬಾಣ ಬಲಕ್ಕೇ ಇರಬೇಕು, ಕೆಳಗಿನದು ಎಡಕ್ಕೆ, ಅಳತೆ ಅದೇ 40. ಅಂದರೆ ಎರಡು ಬಾಣದ ತುದಿಗಳು ಮೇಲಿನ ಬಲ ಮೂಲೆಯಲ್ಲಿ ಸೇರುತ್ತವೆ. ಆ ಮೂಲೆ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಈಗ ಗ್ರಾಫ್ ಶೀಟ್. 1 ಸೆಂ.ಮೀ.ಗೆ 10 ಎಂಪಿಎ ಇಟ್ಟುಕೊಳ್ಳಿ. ಎಳೆತ ಬಲಕ್ಕೆ. ಶಿಯರ್‌ಗೆ ನಾನು ಬಳಸುವ ರೂಢಿ ಇದು: ಚೌಕವನ್ನು ಕ್ಲಾಕ್‌ವೈಸ್ ತಿರುಗಿಸುವ ಶಿಯರ್ ಗೆರೆಯ ಮೇಲೆ, ಆಂಟಿಕ್ಲಾಕ್‌ವೈಸ್ ತಿರುಗಿಸುವುದು ಗೆರೆಯ ಕೆಳಗೆ. ಬಲ ಮುಖದ ಚುಕ್ಕಿ 10 ಸೆಂ.ಮೀ. ಬಲಕ್ಕೆ, 4 ಕೆಳಕ್ಕೆ. ಮೇಲಿನ ಮುಖದ ಚುಕ್ಕಿ 4 ಬಲಕ್ಕೆ, 4 ಮೇಲಕ್ಕೆ. ಎರಡನ್ನೂ ಸೇರಿಸಿದರೆ ಗೆರೆ ಅಡ್ಡ ಅಕ್ಷವನ್ನು 7ರಲ್ಲಿ ಕಡಿಯುತ್ತದೆ. ಕೈವಾರದ ಮುಳ್ಳು ಅಲ್ಲಿ, ಪೆನ್ಸಿಲ್ ತುದಿ ಬಲ ಮುಖದ ಚುಕ್ಕಿಯಲ್ಲಿ. 3 ಅಡ್ಡ, 4 ಉದ್ದ, ಹಾಗಾಗಿ ತ್ರಿಜ್ಯ 5. ವೃತ್ತ ಅಕ್ಷವನ್ನು 12ಕ್ಕೂ 2ಕ್ಕೂ ಮುಟ್ಟುತ್ತದೆ. ನಿಮ್ಮ 120, 20 ಸರಿ.

ಬಲ ಮುಖದ ಚುಕ್ಕಿಯಿಂದ 12ರ ಚುಕ್ಕಿಗೆ ವೃತ್ತದ ಮೇಲೆ ಹೋಗಲು ಆಂಟಿಕ್ಲಾಕ್‌ವೈಸ್ 53 ಡಿಗ್ರಿ. ಚೌಕದ ಮೇಲೆ ಅದರ ಅರ್ಧ, ಸುಮಾರು 26.5, ತಿರುಗುವ ದಿಕ್ಕು ಅದೇ. ನಿಮಗೆ ಕ್ಲಾಕ್‌ವೈಸ್ ಬಂದಿದೆ ಅಂದರೆ ಬಲ ಮುಖದ ಚುಕ್ಕಿಯನ್ನು ಮೇಲೆ ಇಟ್ಟಿದ್ದೀರಿ. ಈ ತಪ್ಪಿನ ಕಿತಾಪತಿ ನೋಡಿ: ಚುಕ್ಕಿಗಳನ್ನು ತಲೆಕೆಳಗಾಗಿ ಇಟ್ಟರೂ ವೃತ್ತ ಬದಲಾಗುವುದಿಲ್ಲ. 120, 20, 50 ಎಲ್ಲ ಹಾಗೇ ಬರುತ್ತದೆ. ದಿಕ್ಕು ಮಾತ್ರ ಕೆಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದು ಫೋಟೋ ಕನ್ನಡಿಯ ಹಾಗೆ ಉಲ್ಟಾ ಆದರೂ ಇದೇ ಕಥೆ.

ಅದಕ್ಕೇ ಆ ಮೂಲೆ. ದೊಡ್ಡ ಪ್ರಿನ್ಸಿಪಲ್ ಎಳೆತ ಯಾವಾಗಲೂ ಬಾಣದ ತುದಿಗಳು ಸೇರುವ ಮೂಲೆಯ ಕಡೆಗೆ ವಾಲುತ್ತದೆ. ಜಾಸ್ತಿ ಎಳೆತ ಇರುವ ದಿಕ್ಕಿನಿಂದ 45 ಡಿಗ್ರಿ ಒಳಗೇ ನಿಲ್ಲುತ್ತದೆ. ಇಲ್ಲಿ ಅಡ್ಡ ಗೆರೆಯಿಂದ ಮೇಲಿನ ಬಲ ಮೂಲೆಯ ಕಡೆಗೆ 26.5. ಕ್ಲಾಕ್‌ವೈಸ್ ತಿರುಗಿಸಿದರೆ ಅದು ಕೆಳಗಿನ ಬಲ ಮೂಲೆಗೆ ಹೋಗುತ್ತಿತ್ತು. ಚಿತ್ರ ನೋಡಿದರೇ ಸರಿ ಕಾಣುವುದಿಲ್ಲ, ಅಲ್ವಾ?

ಇನ್ನು 60. ಚೌಕಕ್ಕೆ ನಿಮ್ಮ ಕಡೆ ನೋಡುವ ಒಂದು ಮುಖವೂ ಇದೆ, ಹಾಳೆಯ ಮುಖ. ಅದರ ಮೇಲೆ ಏನೂ ಇಲ್ಲ ಅಂತಾದರೆ ಅಲ್ಲಿನ ಪ್ರಿನ್ಸಿಪಲ್ ಸ್ಟ್ರೆಸ್ 0. ಆ ಚುಕ್ಕಿಯನ್ನೂ ಅಕ್ಷದ ಮೇಲೆ ಇಡಿ. ಈಗ 0, 2, 12 ಮೂರು ಚುಕ್ಕಿ. 2ರಿಂದ 12ಕ್ಕೆ ನೀವು ಹಾಕಿದ ವೃತ್ತ. 0ಯಿಂದ 12ಕ್ಕೆ ಇನ್ನೊಂದು ಹಾಕಿ, ತ್ರಿಜ್ಯ 6. ಅದೇ ಪೆನ್ಸಿಲ್‌ನವನ 60. ಆ ಶಿಯರ್ ಬೀಳುವ ಸಮತಲ ಹಾಳೆಗೆ ನೇರವಾಗಿ ನಿಂತಿಲ್ಲ, ಹಾಳೆಯೊಳಗೆ 45 ಡಿಗ್ರಿ ಓರೆಯಾಗಿ ಇಳಿಯುತ್ತದೆ. ಅದಕ್ಕೇ ಚಿತ್ರದಲ್ಲಿ ಕಾಣಿಸಲ್ಲ. ಪ್ರಿನ್ಸಿಪಲ್ ಸ್ಟ್ರೆಸ್‌ಗಳಲ್ಲಿ ಒಂದು ಎಳೆತ, ಒಂದು ಒತ್ತಡ ಆಗಿದ್ದರೆ ಸೊನ್ನೆ ಮಧ್ಯೆ ಬೀಳುತ್ತಿತ್ತು, ಮೊದಲ ವೃತ್ತವೇ ದೊಡ್ಡದಾಗಿರುತ್ತಿತ್ತು. ಎರಡೂ ಎಳೆತವಾದ್ದರಿಂದ ಈ ಗೊಂದಲ.

ಫ್ಯಾಬ್ರಿಕೇಶನ್ ಶಾಪ್, ಹುಬ್ಬಳ್ಳಿ: ಸರ್, ನಮ್ಮ ಕಂಪ್ರೆಸರ್ ಟ್ಯಾಂಕ್ ಸುತ್ತಳತೆಗೂ ಉದ್ದಕ್ಕೂ ಬರೀ ಎಳೆತ, ಶಿಯರೇ ಇಲ್ಲ. ಹಂಗಾದ್ರೆ ನಮಗೆ ಈ ಸರ್ಕಲ್ ಬೇಡ ಅಲ್ರೀ? 400 ಎಂಎಂ ಡಯಾ, 4 ಎಂಎಂ ಶೀಟ್, 10 ಬಾರ್. ಹೋದ ತಿಂಗಳು ಒಂದು ಟ್ಯಾಂಕ್ ಉದ್ದದ ವೆಲ್ಡಿಂಗ್‌ನಾಗ ಬಿಟ್ಕೊಂಡೈತಿ. 5 ಎಂಎಂ ಶೀಟ್ ಹಾಕಲೇನ್ರೀ?

ಡಿಸೈನ್ ಇಂಜಿನಿಯರ್, ಪೀಣ್ಯ: ಅಣ್ಣಾ, ಆ ಎರಡು ಮುಖಗಳ ಮೇಲೆ ಶಿಯರ್ ಇಲ್ಲ ಅಷ್ಟೇ. ಓರೆ ಮುಖಗಳ ಮೇಲೆ ಇದ್ದೇ ಇದೆ. 10 ಬಾರ್ ಅಂದರೆ 1 ಎಂಪಿಎ. ಅದನ್ನು 400ರಿಂದ ಗುಣಿಸಿ, 4ರ ಎರಡರಷ್ಟರಿಂದ ಭಾಗಿಸಿ. ಸುತ್ತಳತೆಯ ಕಡೆ ಎಳೆತ 50. ಉದ್ದಕ್ಕೆ ಅದರ ಅರ್ಧ, 25. ಶೀಟ್‌ನ ಮೇಲಷ್ಟೇ ವೃತ್ತ ಹಾಕಿದರೆ ಶಿಯರ್ 12.5. ಹೊರ ಮೈಯ ಸೊನ್ನೆ ಸೇರಿಸಿ 0ಯಿಂದ 50ಕ್ಕೆ ಹಾಕಿದರೆ 25. ಸರಿಯಾಗಿ ಎರಡು ಪಟ್ಟು! 12.5 ನಂಬಿ ಡಿಸೈನ್ ಮಾಡಿದವನಿಗೆ ಟ್ಯಾಂಕ್ ಇರುವುದಕ್ಕಿಂತ ಎರಡು ಪಟ್ಟು ಗಟ್ಟಿ ಅನ್ನಿಸುತ್ತದೆ. ಉದ್ದದ ಸೀಮ್‌ಗೆ ಅಡ್ಡಲಾಗಿ ಎಳೆಯುವುದು ಆ 50, ಅದಕ್ಕೇ ಬಿಟ್ಟರೆ ಉದ್ದಕ್ಕೇ ಬಿಡುತ್ತದೆ. 5 ಎಂಎಂ ಬಗ್ಗೆ ಆಮೇಲೆ ಬರುತ್ತೇನೆ.

ಬಿ.ಇ. ಕೊನೆಯ ವರ್ಷ, ದಾವಣಗೆರೆ: ಸರ್, ನಮ್ಮ ಇಂಟರ್ನಲ್ಸ್‌ನಲ್ಲಿ ಇಂಥದ್ದೇ ಲೆಕ್ಕಕ್ಕೆ ತ್ರಿಜ್ಯ ಬರೆದವರಿಗೆ ಪೂರ್ತಿ ಮಾರ್ಕ್ಸ್ ಕೊಟ್ಟರು. ಅದು ತಪ್ಪಾ ಹಾಗಾದರೆ?

ಡಿಸೈನ್ ಇಂಜಿನಿಯರ್, ಪೀಣ್ಯ: ಪ್ರಶ್ನೆಯಲ್ಲಿ ಹಾಳೆಯ ಸಮತಲದಲ್ಲಿ ಅಂತ ಇದ್ದರೆ 50 ಸರಿ. ಇನ್ನೊಂದು ಸಂದರ್ಭದಲ್ಲೂ ನಿಮ್ಮ ಮಾತು ನಿಲ್ಲುತ್ತದೆ. ವಸ್ತು ಹಾಳೆಯ ಆಚೆ ಈಚೆ ಬಹಳ ಉದ್ದವಾಗಿದ್ದು, ಆ ದಿಕ್ಕಿನಲ್ಲಿ ಹಿಗ್ಗಲೂ ಕುಗ್ಗಲೂ ಜಾಗವಿಲ್ಲ ಅಂದುಕೊಳ್ಳಿ. ಆಗ ಮೂರನೆಯದು ಸೊನ್ನೆ ಅಲ್ಲ. ಉಕ್ಕಿಗೆ ಪಾಯ್ಸನ್ ರೇಶಿಯೊ 0.3 ಹಿಡಿದರೆ 120 ಮತ್ತು 20ರ ಮೊತ್ತದ 0.3 ಭಾಗ, ಅಂದರೆ 42. ಅದು 20 ಮತ್ತು 120ರ ಮಧ್ಯೆ ಬೀಳುತ್ತದೆ. ದೊಡ್ಡ ವೃತ್ತ ನೀವು ಹಾಕಿದ್ದೇ, ಉತ್ತರ 50. ಹಾಗಾಗಿ ಚಿತ್ರದ ಮೇಲಿನ ಸಾಲಲ್ಲಿ ಏನಿತ್ತು ಅನ್ನುವುದು ಮುಖ್ಯ. ಫೋಟೋದಲ್ಲಿ ಅದೇ ಕಟ್ ಆಗಿದೆ.

ಪಾಲಿಟೆಕ್ನಿಕ್ ಲೆಕ್ಚರರ್, ಮೈಸೂರು: ನಾನು ಪೇಪರ್ ತಿದ್ದುವಾಗ ಎರಡನ್ನೂ ಒಪ್ಪುತ್ತೇನೆ, ಮೂರನೇ ಸ್ಟ್ರೆಸ್ ಏನೆಂದು ಹಿಡಿದೆ ಅಂತ ಒಂದು ಸಾಲು ಬರೆದಿದ್ದರೆ. ಬರೆಯದಿದ್ದರೆ ಒಬ್ಬೊಬ್ಬರು ಒಂದೊಂದು ಥರ ತಿದ್ದುತ್ತಾರಪ್ಪ, ಅದಕ್ಕೆ ನಾನು ಗ್ಯಾರಂಟಿ ಕೊಡಲಾರೆ.

ಡಿಪ್ಲೊಮಾ ವಿದ್ಯಾರ್ಥಿ, ಹಾಸನ: ಹೌದು ಸರ್, ಚುಕ್ಕಿ ಮೇಲೆ ಇಟ್ಟಿದ್ದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲಿನ ಸಾಲಿನ ಅಕ್ಷರಗಳ ಬುಡ ಮಾತ್ರ ಕಾಣಿಸುತ್ತಿದೆ, ಓದಲು ಆಗುತ್ತಿಲ್ಲ. ಪುಸ್ತಕ ವಾಪಸ್ ಕೊಟ್ಟುಬಿಟ್ಟೆ. ಸೋಮವಾರ ಲೈಬ್ರರಿಯಲ್ಲಿ ನೋಡಿ ಹೇಳುತ್ತೇನೆ.

ಫ್ಯಾಬ್ರಿಕೇಶನ್ ಶಾಪ್, ಹುಬ್ಬಳ್ಳಿ: ನನ್ನ 5 ಎಂಎಂ ಮರೀಬ್ಯಾಡ್ರಿ ಸರ್.

ಡಿಸೈನ್ ಇಂಜಿನಿಯರ್, ಪೀಣ್ಯ: ಮರೆತಿಲ್ಲ. ಮೈಲ್ಡ್ ಸ್ಟೀಲ್ ಸುಮಾರು 250ಕ್ಕೆ ಯೀಲ್ಡ್ ಆಗುತ್ತದೆ, ನಿಮ್ಮಲ್ಲಿ ಇರುವುದು 50. ಶೀಟ್ ತೆಳುವಾಗಿ ಬಿಟ್ಟಿದ್ದಲ್ಲ ಅನ್ನಿಸುತ್ತದೆ. ಬಿಟ್ಟ ಜಾಗವನ್ನು ಅಡ್ಡಕ್ಕೆ ಕೊಯ್ದು ನೋಡಿ. ವೆಲ್ಡ್ ಒಳಗಿನ ಬುಡದವರೆಗೆ ಇಳಿದಿದೆಯಾ, ತಳದಲ್ಲಿ ನೀರು ನಿಂತು ತುಕ್ಕು ಶೀಟನ್ನು ತಿಂದಿದೆಯಾ ನೋಡಿ. ಅದರ ಫೋಟೋ ಹಾಕಿ, ಅಂಚು ಕಟ್ ಮಾಡದೆ.