ಆಲ್ಟ್ ಬರೆದಿದ್ದೇನೆ, ಆದರೂ ಸ್ಕ್ರೀನ್ ರೀಡರ್ ಗಿರಾಕಿಗೆ ವಿಷಯ ಮುಟ್ಟುತ್ತಿಲ್ಲ

ಆಲೆಮನೆ_ಮಂಡ್ಯ: ನಮ್ಮ ಬೆಲ್ಲದ ಸೈಟಿನಲ್ಲಿ ಎಲ್ಲಾ ಫೋಟೋಗೂ ಆಲ್ಟ್ ಇದೆ, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ. ಸೈಟ್ ಪರೀಕ್ಷಿಸುವ ಚೆಕ್ಕರ್‌ನಲ್ಲಿ ಒಂದೂ ತಪ್ಪಿಲ್ಲ. ಆದರೂ ಕಣ್ಣು ಕಾಣದ ಗಿರಾಕಿಯೊಬ್ಬರು ಮೂರನೇ ಸಲ ಸ್ಟಾಕ್ ಇಲ್ಲದ ಉಂಡೆ ಬೆಲ್ಲ ಕೇಳಿ ಫೋನ್ ಮಾಡಿದರು. ನನಗೇ ನಾಚಿಕೆಯಾಯಿತು. ಏನು ತಪ್ಪು?

ಕುವೆಂಪುನಗರ_ಕೋಡ್: ಪೇಜಿಗೆ `lang="kn"` ಹಾಕಿಲ್ಲ ಅನ್ಸುತ್ತೆ. ಇಂಗ್ಲಿಷ್ ದನಿ ಕನ್ನಡ ಓದಲು ಹೋಗಿ ಎಡವುತ್ತಿದೆ.

ಆಲೆಮನೆ_ಮಂಡ್ಯ: ಅದು ಮೊದಲಿಂದ ಇದೆ ಅಣ್ಣ.

ಕುವೆಂಪುನಗರ_ಕೋಡ್: ಹಾಗಾದ್ರೆ ದನಿಯೇ ಸರಿಯಿಲ್ಲ, ಬೇರೆ ಹಾಕಿಸಿ. ಇಲ್ಲದಿದ್ದರೆ ಫೋಟೋಗಳ ಆಲ್ಟ್ ಖಾಲಿ ಬಿಡಿ, `alt=""`. ಗಲಾಟೆ ಕಡಿಮೆಯಾಗುತ್ತೆ.

ಟೈಪಿಂಗ್_ಮೇಷ್ಟ್ರು: ನಾನು ಬ್ರೈಲ್ ಡಿಸ್‌ಪ್ಲೇ ಜೋಡಿಸಿಕೊಂಡಿದ್ದೇನೆ. ದನಿಯ ಗೋಳೇ ಇಲ್ಲ. 40 ಬ್ರೈಲ್ ಅಕ್ಷರ ಒಂದೇ ಸಾಲಿಗೆ ಬರುತ್ತೆ!

ಆಲೆಮನೆ_ಮಂಡ್ಯ: ಖಾಲಿ ಬಿಟ್ಟು NVDA ಸ್ಕ್ರೀನ್ ರೀಡರ್ ಹಾಕಿ ಕೇಳಿದೆ. ಈಗ ಫೋಟೋ ಬದಲು ‘17 ಲಿಂಕ್’ ಅನ್ನುತ್ತಿದೆ. ಮೊದಲೇ ವಾಸಿ.

ಕಿವಿ_ಓದು: ಆ ಫೋಟೋ ಲಿಂಕ್ ಒಳಗಿದೆ, ಅಲ್ವಾ? ಲಿಂಕಿನಲ್ಲಿ ಬೇರೆ ಮಾತಿಲ್ಲದಾಗ ಆಲ್ಟೇ ಅದರ ಹೆಸರು. ಅದನ್ನೂ ಖಾಲಿ ಮಾಡಿದರೆ ಓದಲು ಉಳಿಯುವುದು ವಿಳಾಸದ ತುಂಡು. ಮೊದಲು ಆಲ್ಟ್ ಏನಿತ್ತು? ಫೋಟೋ ಮೇಲೆ ಏನಾದರೂ ಬರೆದಿದೆಯಾ?

ಆಲೆಮನೆ_ಮಂಡ್ಯ: ‘ಉಂಡೆ ಬೆಲ್ಲದ ಚಿತ್ರ’ ಅಂತ. ಮೇಲೆ ‘ಸ್ಟಾಕ್ ಮುಗಿದಿದೆ’ ಅನ್ನೋ ಕೆಂಪು ಪಟ್ಟಿ ಇದೆ, ಫೋಟೋದಲ್ಲೇ ಸೇರಿಸಿದ್ದು. ಕೆಳಗೆ ‘ಇಲ್ಲಿ ನೋಡಿ’ ಲಿಂಕ್.

ಕಿವಿ_ಓದು: ಸಿಕ್ಕಿತು! ಕಣ್ಣಿದ್ದವರಿಗೆ ಪಟ್ಟಿ ಹೇಳಿದ ಮಾತು ನಮ್ಮ ಕಿವಿಗೆ ಬರಲೇ ಇಲ್ಲ. ಆಲ್ಟ್ ಇದೆಯೋ ಇಲ್ಲವೋ ಅಷ್ಟೇ ಚೆಕ್ಕರ್‌ಗೆ ಗೊತ್ತು. ‘ಚಿತ್ರ’ ಅನ್ನೋ ಪದವೂ ಬೇಡ, ಗ್ರಾಫಿಕ್ ಅಂತ NVDA ತಾನೇ ಹೇಳುತ್ತೆ. Insert+F7 ಒತ್ತಿ ಲಿಂಕ್ ಪಟ್ಟಿ ನೋಡಿ. ಹತ್ತು ಬೆಲ್ಲಕ್ಕೆ ಹತ್ತು ‘ಇಲ್ಲಿ ನೋಡಿ’ ಇರುತ್ತವೆ. ಯಾವುದು ಅಚ್ಚು, ಯಾವುದು ಉಂಡೆ ಅಂತ ಹೇಗೆ ತಿಳಿಯಬೇಕು? ಎರಡೂ ಲಿಂಕನ್ನು ಒಂದು ಮಾಡಿ, ಕೆಂಪು ಪಟ್ಟಿಯ ಮಾತನ್ನು ಅಕ್ಷರವಾಗಿ ಬರೆಯಿರಿ:

```
<a href="/p/17">
  <img src="unde.jpg" alt="">
  ಉಂಡೆ ಬೆಲ್ಲ, 1 ಕೆಜಿ: ಸ್ಟಾಕ್ ಮುಗಿದಿದೆ
</a>
```

ಇಲ್ಲಿ ಖಾಲಿ ಆಲ್ಟ್ ಸರಿ, ಯಾಕಂದ್ರೆ ಪಕ್ಕದಲ್ಲೇ ಮಾತಿದೆ.

ಕುವೆಂಪುನಗರ_ಕೋಡ್: ನಾನೂ ಖಾಲಿ ಅಂತಲೇ ಹೇಳಿದ್ದು. ಇಷ್ಟೆಲ್ಲ ಯಾಕೆ, ‘ಇಲ್ಲಿ ನೋಡಿ’ ಹಾಗೇ ಬಿಟ್ಟು, ಸ್ಕ್ರೀನ್ ರೀಡರ್‌ಗೆ ಮಾತ್ರ ಕೇಳುವ ಹೆಸರನ್ನು `aria-label` ನಲ್ಲಿ ಹಾಕಿ.

ಕಿವಿ_ಓದು: ಬೇಡ ಸರ್. ಕಾಣುವ ಮಾತು ಒಂದು, ಕೇಳುವ ಮಾತು ಇನ್ನೊಂದು ಆದರೆ, ‘ಇಲ್ಲಿ ನೋಡಿ’ ಅಂತ ಬಾಯಲ್ಲಿ ಹೇಳಿ ಲಿಂಕ್ ಒತ್ತುವವರಿಗೆ ಅದು ಸಿಗದೆ ಹೋಗಬಹುದು. ನಾಳೆ ಸ್ಟಾಕ್ ಬಂದಾಗ ಒಂದು ಕಡೆ ಮಾತ್ರ ತಿದ್ದಿ ಇನ್ನೊಂದು ಮರೆಯುತ್ತೀರಿ.

ಆಲೆಮನೆ_ಮಂಡ್ಯ: ಬದಲಾಯಿಸಿದೆ ಅಕ್ಕ. ‘ಸ್ಟಾಕ್ ಮುಗಿದಿದೆ’ ಅಂತ ಸ್ಪಷ್ಟವಾಗಿ ಓದಿತು! ಇನ್ನೊಂದು. ಬಣ್ಣ ತಿಳಿ ಮಾಡುವ ಹೈಡ್ರೋಸ್ ಪುಡಿ ಹಾಕದ ನಮ್ಮ ಬೆಲ್ಲ ಕಪ್ಪಗಿದೆ. ಬಣ್ಣ ನೋಡಿಯೇ ಜನ ತಗೊಳ್ಳೋದು. ಅದನ್ನು ಆಲ್ಟ್‌ನಲ್ಲಿ ಹೇಳಬೇಕಾ?

ಟೈಪಿಂಗ್_ಮೇಷ್ಟ್ರು: ಬಣ್ಣ ನನಗೆ ಬೇಡ. ಬೆಲೆ ಹೇಳಿ ಸಾಕು.

ಕಿವಿ_ಓದು: ನನಗೆ ಬೇಕು ಮೇಷ್ಟ್ರೇ. ಮನೆಗೆ ಬಂದವರು ‘ಇದೇನು ಇಷ್ಟು ಕಪ್ಪು’ ಅಂದಾಗ ಯಾಕೆ ಅಂತ ನನಗೂ ಗೊತ್ತಿರಬೇಕು. ಆದರೆ ಆಲ್ಟ್‌ಗಿಂತ ಒಳಪುಟದ ವಿವರಣೆಯಲ್ಲಿ ಬರೆಯಿರಿ, ಎಲ್ಲರಿಗೂ ಸಿಗುತ್ತೆ.

ಟೈಪಿಂಗ್_ಮೇಷ್ಟ್ರು: ಅಲ್ಲೂ ಉದ್ದ ಆಗುತ್ತೆ ತಾಯಿ.