C5H12O ಆಲ್ಕೋಹಾಲ್‌ಗಳು ಎಷ್ಟು? 8, 10, 11, 14ರಲ್ಲಿ ಯಾವುದು ಸರಿ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ): ಐದು ಕಾರ್ಬನ್ ಇರುವ ಆಲ್ಕೋಹಾಲ್‌ಗಳ ಐಸೋಮರ್‌ಗಳನ್ನೆಲ್ಲ ಬರೆಯಲು ಹೊರಟೆ. ನನಗೆ 10 ಸಿಗುತ್ತಿವೆ. ಗೆಳೆಯ 8 ಅಂತಾನೆ, ಪುಸ್ತಕದ ಹಿಂದಿನ ಉತ್ತರ 11, ಇನ್ನೊಂದು ಕಡೆ 14 ಅಂತಿದೆ. ಒಂದೂ ಬಿಟ್ಟುಹೋಗದ ಹಾಗೆ, ಎರಡು ಸಲ ಬಾರದ ಹಾಗೆ ಎಣಿಸುವುದು ಹೇಗೆ? ನನ್ನ ಪಟ್ಟಿಯಲ್ಲಿ 2-ಈಥೈಲ್-1-ಪ್ರೊಪನಾಲ್, 1-ಮೀಥೈಲ್-1-ಬ್ಯುಟನಾಲ್ ಕೂಡ ಇವೆ.

ರಸಾಯನಶಾಸ್ತ್ರ ಉಪನ್ಯಾಸಕಿ: ನಿಮ್ಮ 10ರಲ್ಲಿ ಹೆಚ್ಚಾದ ಎರಡು ಯಾವುವು ಅಂತ ನೀವೇ ಬರೆದಿದ್ದೀರಿ. ಆ ಎರಡರಲ್ಲೂ OH ಹೊತ್ತ ಅತಿ ಉದ್ದದ ಸರಪಳಿಯನ್ನು ಮತ್ತೆ ಎಣಿಸಿ. ಮೊದಲನೆಯದು 2-ಮೀಥೈಲ್-1-ಬ್ಯುಟನಾಲ್, ಎರಡನೆಯದು ಬರೀ 2-ಪೆಂಟನಾಲ್. ಎರಡೂ ನಿಮ್ಮ ಪಟ್ಟಿಯಲ್ಲಿ ಆಗಲೇ ಇರಬೇಕು. ಚಿತ್ರದಲ್ಲಿ ಸರಪಳಿ ಮೂಲೆ ತಿರುಗಿದರೆ ಕಣ್ಣು ಮೋಸ ಹೋಗುತ್ತದೆ, ಹೆಸರು ಮೋಸ ಹೋಗುವುದಿಲ್ಲ. ಅದಕ್ಕೇ ಬರೆದದ್ದಕ್ಕೆಲ್ಲ ಹೆಸರಿಟ್ಟು ನೋಡಿ.

ಇದಕ್ಕಿಂತ ಭದ್ರವಾದ ದಾರಿ ಇನ್ನೊಂದಿದೆ. ಸರಪಳಿ ಎಳೆದು OHಅನ್ನು ಅಲ್ಲಿ ಇಲ್ಲಿ ಅಂಟಿಸುವುದನ್ನು ಬಿಡಿ. OH ಹೊತ್ತ ಕಾರ್ಬನ್ ಮೇಲೆ ನಿಂತು ಸುತ್ತ ನೋಡಿ. ಉಳಿದ ನಾಲ್ಕು ಕಾರ್ಬನ್‌ಗಳು ಅದರಿಂದ ಹೊರಡುವ ಕೈಗಳಲ್ಲಿ ಹಂಚಿಹೋಗಬೇಕು, ಅಷ್ಟೇ.

ಒಂದೇ ಕೈ ಇದ್ದರೆ ನಾಲ್ಕೂ ಅದರಲ್ಲೇ. ಅಂದರೆ ಅದು ಬ್ಯುಟೈಲ್ ಗುಂಪು, ಅದರಲ್ಲಿ 4 ಬಗೆ: ನೇರ, ಐಸೋ, ಸೆಕೆಂಡರಿ, ಟರ್ಷಿಯರಿ. ಎರಡು ಕೈಗಳಿದ್ದರೆ ಹಂಚಿಕೆ 3+1 ಅಥವಾ 2+2. ಪ್ರೊಪೈಲ್‌ನಲ್ಲಿ ಎರಡು ಬಗೆ ಇರುವುದರಿಂದ 3+1ಕ್ಕೆ 2, ಮತ್ತೆ 2+2ಕ್ಕೆ 1, ಒಟ್ಟು 3. ಮೂರು ಕೈಗಳಿದ್ದರೆ 2+1+1 ಒಂದೇ ದಾರಿ. 4+3+1 = 8. ಒಂದು ಅಣು ಎರಡು ಗುಂಪಿಗೆ ಸೇರುವ ಮಾತೇ ಇಲ್ಲ, ಹಾಗಾಗಿ ಪುನರಾವರ್ತನೆಯ ಭಯವೂ ಇಲ್ಲ. ನಿಮ್ಮ ಗೆಳೆಯನ ಉತ್ತರ ರಚನೆಗಳ ಲೆಕ್ಕಕ್ಕೆ ಸರಿ.

14 ಅನ್ನುವವರು ಈಥರ್‌ಗಳನ್ನೂ ಸೇರಿಸಿದ್ದಾರೆ. C5H12Oಗೆ 6 ಈಥರ್‌ಗಳಿವೆ. ನೀವು ಕೇಳಿದ್ದು ಆಲ್ಕೋಹಾಲ್, ಅವನ್ನು ಬಿಡಿ.

ಪ್ರವೇಶ ಪರೀಕ್ಷೆಗೆ ಓದುತ್ತಿರುವವರು: ಇಷ್ಟೆಲ್ಲ ಯಾಕೆ ಮೇಡಂ? 8ರಲ್ಲಿ ಕೈರಲ್ ಆದವು ಮೂರು: 2-ಪೆಂಟನಾಲ್, 2-ಮೀಥೈಲ್-1-ಬ್ಯುಟನಾಲ್, 3-ಮೀಥೈಲ್-2-ಬ್ಯುಟನಾಲ್. ಒಂದೊಂದಕ್ಕೂ ಕನ್ನಡಿ ಜೋಡಿ ಇರುತ್ತೆ, 8+3 = 11. ಕೈರಲ್ ಎಷ್ಟಿವೆ ಅಂತ ನೋಡಿ ಕೂಡಿಸಿಬಿಟ್ಟರೆ ಆಯ್ತು.

ರಸಾಯನಶಾಸ್ತ್ರ ಉಪನ್ಯಾಸಕಿ: ಐದು ಕಾರ್ಬನ್‌ಗೆ ಉತ್ತರ ಸರಿ. ಆದರೆ ಆ ಉಪಾಯ ಆರು ಕಾರ್ಬನ್‌ಗೇ ಕೈಕೊಡುತ್ತದೆ. ಅಲ್ಲಿ ರಚನೆಗಳು 17, ಅವುಗಳಲ್ಲಿ ಕೈರಲ್ 9. ನಿಮ್ಮ ಪ್ರಕಾರ 26 ಆಗಬೇಕು, ನಿಜವಾಗಿ 28 ಇವೆ. ಎರಡು ತಪ್ಪಿದ್ದು 3-ಮೀಥೈಲ್-2-ಪೆಂಟನಾಲ್ ಹತ್ತಿರ. ಅದರಲ್ಲಿ ಎರಡು ಕೈರಲ್ ಕೇಂದ್ರಗಳಿವೆ, ಅದೊಂದೇ ರಚನೆ ನಾಲ್ಕು ರೂಪ ಕೊಡುತ್ತದೆ.

ಕೈಗಳ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತದೆ, ಎರಡು ಮಾತು ಸೇರಿಸಿಕೊಂಡರೆ ಸಾಕು. ಮೊದಲನೆಯದು, ಕೈಗಳನ್ನೇ ಅವುಗಳ ಕನ್ನಡಿ ರೂಪಗಳ ಸಮೇತ ಎಣಿಸಿ. ಸೆಕೆಂಡರಿ ಬ್ಯುಟೈಲ್‌ಗೆ R, S ಎರಡು ರೂಪ, ಹಾಗಾಗಿ ಬ್ಯುಟೈಲ್ 4 ಅಲ್ಲ, 5. ಎರಡನೆಯದು, OH ಹೊತ್ತ ಕಾರ್ಬನ್‌ಗೆ ನಾಲ್ಕೂ ಕಡೆ ಬೇರೆ ಬೇರೆ ಗುಂಪುಗಳಿದ್ದರೆ ಆ ಎಣಿಕೆಯನ್ನು ಎರಡರಿಂದ ಗುಣಿಸಿ, ಇಲ್ಲದಿದ್ದರೆ ಹಾಗೇ ಬಿಡಿ.

ಐದು ಕಾರ್ಬನ್‌ಗೆ ಹಚ್ಚಿ ನೋಡಿ. ಒಂದು ಕೈ: 5. ಎರಡು ಕೈ: 3+1ರಲ್ಲಿ ಪ್ರೊಪೈಲ್ ಎರಡು ಬಗೆ, ಎರಡರಲ್ಲೂ H, OH, ಮೀಥೈಲ್, ಪ್ರೊಪೈಲ್ ಎಲ್ಲ ಬೇರೆ, ಆದ್ದರಿಂದ 2×2 = 4. 2+2ರಲ್ಲಿ ಎರಡೂ ಈಥೈಲ್, ಅದಕ್ಕೆ 1. ಮೂರು ಕೈಯಲ್ಲಿ ಎರಡು ಮೀಥೈಲ್ ಇರುವುದರಿಂದ 1. ಒಟ್ಟು 5+5+1 = 11.

1930ರ ದಶಕದ ಆರಂಭದಲ್ಲಿ ಹೆಂಝೆ ಮತ್ತು ಬ್ಲೇರ್ ಆಲ್ಕೋಹಾಲ್‌ಗಳನ್ನು ಎಣಿಸಿದ್ದು ಹೀಗೇ, ಚಿಕ್ಕ ಗುಂಪುಗಳ ಎಣಿಕೆಯಿಂದ ದೊಡ್ಡದಕ್ಕೆ ಏರುತ್ತಾ. ಅದನ್ನು ಸಾಮಾನ್ಯ ಗಣಿತ ಸೂತ್ರವಾಗಿ ಕಟ್ಟಿದವರು ಪೋಲ್ಯ, 1937ರಲ್ಲಿ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು: 11 ಅಂತ ಹೇಗೆ ಹೇಳ್ತೀರೋ ಗೊತ್ತಿಲ್ಲ. ಎಲ್ಲ ಪೆಂಟನಾಲ್‌ಗಳನ್ನೂ ಬೆರೆಸಿ ಗ್ಯಾಸ್ ಕ್ರೊಮಟೋಗ್ರಾಫ್‌ಗೆ ಹಾಕಿದರೆ ಹೆಚ್ಚೆಂದರೆ 8 ಪೀಕ್. 2-ಮೀಥೈಲ್-1-ಬ್ಯುಟನಾಲ್, 3-ಮೀಥೈಲ್-1-ಬ್ಯುಟನಾಲ್ ಅಂತೂ ಒಂದರ ಬೆನ್ನಿಗೆ ಒಂದು ಅಂಟಿಕೊಂಡೇ ಬರುತ್ತವೆ, ಎಷ್ಟೋ ಸಲ 7 ಮಾತ್ರ ಕಾಣುತ್ತದೆ. ಯಂತ್ರ ಸುಳ್ಳು ಹೇಳಲ್ಲ.

ರಸಾಯನಶಾಸ್ತ್ರ ಉಪನ್ಯಾಸಕಿ: ಸುಳ್ಳು ಹೇಳುತ್ತಿಲ್ಲ ಸರ್, ಆ ಕಾಲಂ ಕನ್ನಡಿ ರೂಪಗಳನ್ನು ಗುರುತಿಸುವುದಿಲ್ಲ. R ಮತ್ತು S ಎರಡಕ್ಕೂ ಕುದಿಬಿಂದು ಒಂದೇ, ಸಾಧಾರಣ ಕಾಲಂಗೆ ಅವು ಅಂಟಿಕೊಳ್ಳುವ ಬಲವೂ ಒಂದೇ. ಕೈರಲ್ ಕಾಲಂ ಹಾಕಿದರೆ ಮೂರು ಪೀಕ್‌ಗಳು ಒಡೆಯುವ ಸಾಧ್ಯತೆ ಇದೆ. ಹುದುಗುವಿಕೆಯಿಂದ ಬಂದ ಮಾದರಿಯಾದರೆ ಮಾತ್ರ ನಿರಾಸೆ ಆದೀತು: ಯೀಸ್ಟ್ ಕೊಡುವ 2-ಮೀಥೈಲ್-1-ಬ್ಯುಟನಾಲ್ ಬಹುತೇಕ S ರೂಪ. ಅದಕ್ಕೇ ಹಳಬರು ಅದನ್ನು ಆಕ್ಟಿವ್ ಅಮೈಲ್ ಆಲ್ಕೋಹಾಲ್ ಅಂತ ಕರೆಯುತ್ತಿದ್ದರು.

ಪ್ರವೇಶ ಪರೀಕ್ಷೆಗೆ ಓದುತ್ತಿರುವವರು: ಹಾಗಾದ್ರೆ ಪರೀಕ್ಷೆಯಲ್ಲಿ ಬರೀ ‘ಐಸೋಮರ್‌ಗಳು ಎಷ್ಟು’ ಅಂತ ಕೇಳಿದರೆ 8 ಬರೀಬೇಕಾ 11 ಬರೀಬೇಕಾ?

ರಸಾಯನಶಾಸ್ತ್ರ ಉಪನ್ಯಾಸಕಿ: ‘ರಚನಾ’ ಅಂದಿದ್ದರೆ 8, ‘ಸ್ಟೀರಿಯೋ ಸೇರಿ’ ಅಂದಿದ್ದರೆ 11. ಏನೂ ಹೇಳದಿದ್ದರೆ ನಾನಾದರೆ 11 ಬರೆಯುತ್ತೇನೆ, ಕನ್ನಡಿ ರೂಪಗಳೂ ಐಸೋಮರ್‌ಗಳೇ ತಾನೆ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು: ನಾನು ಒಪ್ಪಲ್ಲ. ಏನೂ ಹೇಳದೆ ಕೇಳಿದವರ ಮನಸ್ಸಲ್ಲಿ ಇರೋದು ರಚನೆಗಳೇ. 8.

ಪ್ರಶ್ನೆ ಕೇಳಿದ ವಿದ್ಯಾರ್ಥಿ: ಮೇಡಂ, ಏಳು ಕಾರ್ಬನ್‌ಗೆ ಮಾಡಿ ನೋಡಿದೆ. ರಚನೆಗಳು 39 ಬಂತು. ಸ್ಟೀರಿಯೋ ಸೇರಿ ಒಂದು ಕೈಗೆ 28, ಎರಡು ಕೈಗೆ 36, ಮೂರು ಕೈಗೆ 8, ಒಟ್ಟು 72. ಪುಸ್ತಕದಲ್ಲಿ 74 ಇದೆ. ಪುಸ್ತಕದ್ದೇ ತಪ್ಪಾ?

ರಸಾಯನಶಾಸ್ತ್ರ ಉಪನ್ಯಾಸಕಿ: ಪುಸ್ತಕ ಸರಿ. ಮೂರು ಕೈಗಳ ಲೆಕ್ಕದಲ್ಲಿ 3+2+1 ಹಂಚಿಕೆ ನೋಡಿ. ಪ್ರೊಪೈಲ್, ಈಥೈಲ್, ಮೀಥೈಲ್, ಜೊತೆಗೆ OH, ನಾಲ್ಕೂ ಬೇರೆ ಬೇರೆ. ಆರು ಕಾರ್ಬನ್‌ವರೆಗೆ ಮೂರು ಕೈಗಳಲ್ಲಿ ಎರಡಾದರೂ ಒಂದೇ ಆಗಿರುತ್ತಿದ್ದವು, ಅದಕ್ಕೇ ಅಲ್ಲಿ ಗುಣಿಸುವ ಪ್ರಶ್ನೆ ಬಂದಿರಲಿಲ್ಲ. ಇಲ್ಲಿ ಮೊದಲ ಸಲ ಬಂತು. ನೀವು 2 ಅಂತ ಬರೆದಿರುವಲ್ಲಿ 4 ಬರಬೇಕು.